'ರಿಚ್ ಟೇಪೆಸ್ಟ್ರಿ' ತೆಗೆದ ಜಾಗದಲ್ಲಿ ಏನು ಬರೀಬೇಕು?

ಪ್ರಶ್ನೆ: ಇಳಕಲ್ ಸೀರೆ ಎಕ್ಸಿಬಿಷನ್ನಿಗೆ ಇಂಗ್ಲಿಷಲ್ಲಿ ಒಂದು ಪುಟ ಬರೆದುಕೊಟ್ಟಿದ್ದೆ ಸರ್, ಅದಕ್ಕೋಸ್ಕರ ಊರಿಗೂ ಹೋಗಿ ಬಂದಿದ್ದೆ. 'ರಿಚ್ ಟೇಪೆಸ್ಟ್ರಿ', 'ವೈಬ್ರಂಟ್ ಲ್ಯಾಂಡ್‌ಸ್ಕೇಪ್' ಅಂತ ಇದ್ದ ಕಡೆಯೆಲ್ಲ ಎಡಿಟರ್ ಕೆಂಪು ಗೆರೆ ಎಳೆದು 'ಸವಕಲು, ಸಾದಾ ಪದ ಹಾಕಿ' ಅಂತ ವಾಪಸ್ ಕಳಿಸಿದ್ದಾರೆ. ತೆಗೆದ್ರೆ ಬರಹ ಸಪ್ಪೆ ಆಗಲ್ವಾ? ಆ ಜಾಗಕ್ಕೆ ಏನು ಹಾಕ್ಲಿ?

ಉತ್ತರ: ನೀವು ಜೊತೆಗೆ ಕಳಿಸಿದ ಪುಟ ಓದಿದೆ. ಮೊದಲ ಎರಡು ಸಾಲನ್ನೇ ತಗೊಳ್ಳೋಣ, ಯಾಕಂದ್ರೆ ಕಾಯಿಲೆ ಪೂರ್ತಿ ಅಲ್ಲೇ ಇದೆ. ಕನ್ನಡಕ್ಕೆ ತಂದ್ರೆ ಹೆಚ್ಚು ಕಮ್ಮಿ ಹೀಗಾಗುತ್ತೆ: 'ಇಳಕಲ್ ಅಂದ್ರೆ ಕಲೆ ಮತ್ತು ಪರಂಪರೆಯ ಒಂದು ರಿಚ್ ಟೇಪೆಸ್ಟ್ರಿ. ಉತ್ತರ ಕರ್ನಾಟಕದ ವೈಬ್ರಂಟ್ ಲ್ಯಾಂಡ್‌ಸ್ಕೇಪ್‌ನ ಮಡಿಲಲ್ಲಿರುವ ಈ ಊರು ನುರಿತ ಕುಶಲಕರ್ಮಿಗಳ ಟೈಮ್‌ಲೆಸ್ ಕ್ರಾಫ್ಟ್‌ಗೆ ಸಾಕ್ಷಿಯಾಗಿ ನಿಂತಿದೆ.'

ಈಗ ಇದರಲ್ಲಿ ಇಳಕಲ್ ಅನ್ನೋದನ್ನ ಅಳಿಸಿ ಮೊಳಕಾಲ್ಮೂರು ಅಂತ ಹಾಕಿ, ಉತ್ತರ ಕರ್ನಾಟಕದ ಜಾಗದಲ್ಲಿ ಮಧ್ಯ ಕರ್ನಾಟಕ ಅನ್ನಿ. ಏನಾದ್ರೂ ಸುಳ್ಳಾಯ್ತಾ? ಇಲ್ಲ. ಕಾಂಚೀಪುರಂ ಹಾಕಿ, ಚನ್ನಪಟ್ಟಣ ಹಾಕಿ ಗೊಂಬೆಗೆ ಸೇರಿಸಿ, ಆಗ್ಲೂ ಸಾಲು ಹಾಗೇ ನಡಿಯುತ್ತೆ. ನಾನು ಕಾಪಿ ತಿದ್ದೋ ಕೆಲಸದಲ್ಲಿ ಮೊದಲು ಮಾಡೋದೇ ಇದನ್ನ, ಊರಿನ ಹೆಸರು ಬದಲಾಯಿಸಿ ನೋಡೋದು. ಹೆಸರು ಬದಲಾದ್ರೂ ವಾಕ್ಯಕ್ಕೆ ಏನೂ ಆಗಲಿಲ್ಲ ಅಂದ್ರೆ ಆ ವಾಕ್ಯ ಆ ಊರಿನ ಬಗ್ಗೆ ಏನೂ ಹೇಳಿರಲೇ ಇಲ್ಲ ಅಂತ ಅರ್ಥ. ನಿಮ್ಮ ಎಡಿಟರ್ 'ಸವಕಲು' ಅಂದಿದ್ದು ಅದಕ್ಕೇ. ಪದ ಕೆಟ್ಟದ್ದು ಅಂತಲ್ಲ, ನೀವು ಇಳಕಲ್‌ಗೆ ಹೋಗಿ ಕಣ್ಣಾರೆ ನೋಡಿ ಬಂದಿದ್ದು ಯಾವುದೂ ಆ ಪದದೊಳಗೆ ಇಲ್ಲ ಅಂತ.

ಸಪ್ಪೆ ಆಗುತ್ತೆ ಅನ್ನೋ ಭಯಕ್ಕೆ ಆಮೇಲೆ ಬರ್ತೀನಿ, ಮೊದಲು ಟೇಪೆಸ್ಟ್ರಿ ಅಂದ್ರೇನು ನೋಡಿ. ನೀವು ಬರೀತಿರೋದು ನೇಕಾರರ ಬಗ್ಗೆ, ಹಾಗಾಗಿ ನಿಮಗೆ ಇದು ಎಲ್ಲರಿಗಿಂತ ಹೆಚ್ಚು ಮುಖ್ಯ. ಟೇಪೆಸ್ಟ್ರಿ ಅನ್ನೋದು ನೇಯ್ಗೆಯ ಒಂದು ನಿರ್ದಿಷ್ಟ ವಿಧಾನ. ಸಾಮಾನ್ಯ ಬಟ್ಟೇಲಿ ಹೊಕ್ಕಿನ ನೂಲು, ಅಂದ್ರೆ ಅಡ್ಡದ ಎಳೆ, ಈ ಅಂಚಿಂದ ಆ ಅಂಚಿನವರೆಗೂ ಹೋಗಿ ವಾಪಸ್ ಬರುತ್ತೆ. ಟೇಪೆಸ್ಟ್ರಿಲಿ ಹಾಗಲ್ಲ, ಒಂದೊಂದು ಬಣ್ಣದ ಹೊಕ್ಕು ತನ್ನ ಜಾಗದಲ್ಲಿ ಮಾತ್ರ ಹೋಗಿ ಬಂದು ಮಾಡುತ್ತೆ. ಹಸಿರು ಎಲೆ ಇರೋ ಕಡೆ ಹಸಿರು ನೂಲು ಆ ಎಲೆಯಷ್ಟೇ ಅಗಲ ಓಡಾಡಿ ನಿಲ್ಲುತ್ತೆ, ಅದರ ಪಕ್ಕದ ಕೆಂಪು ಹೂವಿಗೆ ಬೇರೆ ನೂಲು. ಹೊಕ್ಕನ್ನ ಒತ್ತೊತ್ತಾಗಿ ಕೂರಿಸೋದ್ರಿಂದ ಹಾಸಿನ ಎಳೆ, ಅಂದ್ರೆ ಉದ್ದದ ಎಳೆ, ಪೂರ್ತಿ ಮುಚ್ಚಿಹೋಗುತ್ತೆ, ಕಣ್ಣಿಗೆ ಕಾಣೋದು ಹೊಕ್ಕು ಮಾತ್ರ. ಅಂದ್ರೆ 'ನಾನಾ ಸಂಸ್ಕೃತಿಗಳು ಟೇಪೆಸ್ಟ್ರಿ ಥರ ಒಂದರೊಳಗೊಂದು ಬೆರೆತಿವೆ' ಅಂತ ನಾವೆಲ್ಲ ಬರೀತೀವಲ್ಲ, ಅಸಲಿ ಟೇಪೆಸ್ಟ್ರಿಲಿ ಬಣ್ಣಗಳು ಬೆರೆಯೋದೇ ಇಲ್ಲ, ಗಡಿ ಹಾಕ್ಕೊಂಡು ಅಕ್ಕಪಕ್ಕ ಕೂತಿರ್ತವೆ. ಹೋಲಿಕೆ ಬರೆಯುವವರು ವಸ್ತುವನ್ನ ನೋಡೋದು ನಿಲ್ಲಿಸಿ ಎಷ್ಟೋ ಕಾಲ ಆಗಿದೆ. ಫ್ರಾನ್ಸ್‌ನ ಬಹಳ ಹೆಸರುವಾಸಿ ಬೇಯೂ ಟೇಪೆಸ್ಟ್ರಿ, ಅದೇ ಸುಮಾರು 70 ಮೀಟರ್ ಉದ್ದದ್ದು, 11ನೇ ಶತಮಾನದ್ದು, ಅದು ಕೂಡ ನೇಯ್ದಿದ್ದಲ್ಲ, ನಾರುಬಟ್ಟೆ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಕಸೂತಿ.

ಈಗ ಇಳಕಲ್ ಸೀರೆಗೆ ಬನ್ನಿ. ಈ ಸೀರೆಯ ವಿಶೇಷ ಇರೋದು ಹಾಸಿನಲ್ಲಿ. ಒಂದು ಸೀರೆಗೆ ಹಾಸನ್ನ ಮೂರು ಭಾಗಕ್ಕೆ ಬೇರೆ ಬೇರೆ ತಯಾರು ಮಾಡ್ತಾರೆ, ಮೈಗೆ ಒಂದು, ದಡಿಗೆ ಒಂದು, ಸೆರಗಿಗೆ ಒಂದು. ಮೈಯದು ಸಾಮಾನ್ಯವಾಗಿ ಹತ್ತಿ, ದಡಿ ಮತ್ತೆ ಸೆರಗಿಗೆ ರೇಷ್ಮೆ ಇಲ್ಲಾ ಆರ್ಟ್ ಸಿಲ್ಕು, ಅಂದ್ರೆ ಕೃತಕ ರೇಷ್ಮೆ. ಮೈಯ ಹಾಸು ಮುಗಿಯೋ ಕಡೆ ಸೆರಗಿನ ಹಾಸಿನ ಎಳೆಗಳನ್ನ ಕುಣಿಕೆ ಹಾಕಿ ಒಂದಕ್ಕೊಂದು ಜೋಡಿಸ್ತಾರೆ, ಆಮೇಲೇ ನೇಯ್ಗೆ ಶುರು. ಅದಕ್ಕೇ ಇಳಕಲ್ ಪದ್ಧತೀಲಿ ಒಂದೊಂದು ಸೀರೆಗೂ ಹಾಸು ಬೇರೆಯಾಗೇ ಕೂಡಿಸಬೇಕು. ನೀವು ಈ ಕೆಲಸವನ್ನ ಟೇಪೆಸ್ಟ್ರಿ ಅಂತ ಕರೆದ ಕೂಡ್ಲೇ ಏನಾಯ್ತು ನೋಡಿ, ಹಾಸನ್ನ ಮುಚ್ಚಿಬಿಡೋ ನೇಯ್ಗೆಯ ಹೆಸರನ್ನ ಹಾಸೇ ಜೀವಾಳ ಆಗಿರೋ ಸೀರೆಗೆ ಕೊಟ್ಟುಬಿಟ್ರಿ. ಇಡೀ ಪುಟದಲ್ಲಿ ಆ ಜೋಡಣೆ ಬಗ್ಗೆ ಒಂದು ಮಾತೂ ಇಲ್ಲ. ನೀವು ಅದನ್ನ ನೋಡಿರ್ತೀರ, ಟೇಪೆಸ್ಟ್ರಿ ಅನ್ನೋ ಪದ ರೆಡಿಯಾಗಿ ಬಾಯಿಗೆ ಬಂದಿದ್ದಕ್ಕೆ ಅದನ್ನ ಬರೆಯೋ ಅಗತ್ಯ ಕಾಣಲಿಲ್ಲ ಅಷ್ಟೇ. ಸವಕಲು ಪದದಿಂದ ಆಗೋ ಅಸಲಿ ನಷ್ಟ ಇದು ಅಂತ ನಾನು ನಂಬಿದೀನಿ. ಓದುಗರಿಗೆ ಬೋರ್ ಆಗೋದು ಆಮೇಲಿನ ಮಾತು, ಮೊದಲು ಬರೆಯೋರ ಕಣ್ಣೇ ಮುಚ್ಚಿಹೋಗುತ್ತೆ.

ಹಾಗಾದ್ರೆ ಏನು ಹಾಕೋದು? ಒಂದು ಪದ ತೆಗೆದು ಅದೇ ಅಳತೆಯ ಇನ್ನೊಂದು ಪದ ಕೂರಿಸೋಕೆ ಹೋಗ್ಬೇಡಿ, ಎಲ್ರೂ ಎಡವೋದು ಅಲ್ಲೇ. ಟೇಪೆಸ್ಟ್ರಿ ಬೇಡ ಅಂದ್ರೆ ಮೊಸಾಯಿಕ್, ಅದೂ ಬೇಡ ಅಂದ್ರೆ ಕಲೈಡೋಸ್ಕೋಪು, ಮೆಲ್ಟಿಂಗ್ ಪಾಟು ಹೀಗೆ ಸುತ್ತುತ್ತಾ ಇರ್ತಾರೆ. ಕನ್ನಡದಲ್ಲಿ ಬರೆಯೋರು 'ಕಲೆಯ ಆಗರ' ತೆಗೆದು 'ಕಲೆಯ ತವರು' ಅಂತಾರೆ, ಅದನ್ನ ತಿದ್ದಿದ್ರೆ 'ಕಲೆಯ ಬೀಡು' ಆಗುತ್ತೆ, ಊರು ಹೆಸರು ಬದಲಾಯಿಸಿ ನೋಡಿದ್ರೆ ಮೂರೂ ಒಂದೇ. ಆ ಪದ ನಿಂತಿರೋ ಜಾಗದಲ್ಲಿ ನಿಂತು ಎರಡು ಪ್ರಶ್ನೆ ಕೇಳ್ಕೊಳ್ಳಿ, ಇಲ್ಲಿ ಇರೋ ವಸ್ತು ಯಾವುದು, ಅದನ್ನ ಯಾರು ಏನು ಮಾಡ್ತಿದ್ದಾರೆ. ಮೊದಲನೇದಕ್ಕೆ ಉತ್ತರ ನಾಮಪದ, ಎರಡನೇದಕ್ಕೆ ಉತ್ತರ ಕ್ರಿಯಾಪದ. ನಿಮ್ಮ ಎರಡು ಸಾಲಲ್ಲಿ ಕ್ರಿಯಾಪದ ಅಂತ ಇರೋದು 'ಅಂದ್ರೆ' ಮತ್ತೆ 'ಸಾಕ್ಷಿಯಾಗಿ ನಿಂತಿದೆ', ಎರಡರಲ್ಲೂ ಯಾರೂ ಏನೂ ಮಾಡ್ತಿಲ್ಲ. ಆದ್ರೆ ನೇಕಾರರ ಮನೇಲಿ ಬೆಳಗಿಂದ ರಾತ್ರಿವರೆಗೆ ಬರೀ ಕ್ರಿಯಾಪದಗಳೇ: ನೂಲಿಗೆ ಬಣ್ಣ ಹಾಕ್ತಾರೆ, ಗಂಜಿ ಹಚ್ತಾರೆ, ಹಾಸು ಹೂಡ್ತಾರೆ, ಕಂಡಿಕೆ ಸುತ್ತುತಾರೆ, ಕುಣಿಯೊಳಗೆ ಕಾಲು ಇಳಿಬಿಟ್ಟು ತುಳೀತಾರೆ, ಲಾಳಿ ಎಸೀತಾರೆ.

ನಾನೂ ಒಂದು ಸಲ ಅಲ್ಲಿ ಒಬ್ಬರು ಹಿರಿಯರ ಮನೇಲಿ ಕುಣಿಮಗ್ಗದ ಪಕ್ಕ ನೆಲದ ಮೇಲೆ ಕೂತಿದ್ದೆ. ಕೆಂಪು ಸೆರಗಿನ ಮೇಲೆ ಬಿಳೀ ನೂಲಿನ ಗೆರೆ ಗೆರೆ ವಿನ್ಯಾಸ ಬರ್ತಾ ಇತ್ತು, ಗೋಪುರ ಇರಬೇಕು ಅಂತ ನನ್ನ ಪುಸ್ತಕದಲ್ಲಿ ಬರ್ಕೊಂಡೆ. ಅವರು ಬಗ್ಗಿ ನೋಡಿ, 'ಏನ್ ಬರಕೊಂಡ್ರಿ?' ಅಂದ್ರು. ಹೇಳಿದೆ. 'ಇದು ತೆನಿರೀ ಸರ, ಜೋಳದ ತೆನಿ. ತೋಪ ತೆನಿ ಸೆರಗ ಅಂತೀವಿ ನಾವು. ಹೊರಗ ಹೊಲದಾಗ ನಿಂತೈತಿ ನೋಡ್ರಿ, ಅದ ಇದು' ಅಂದ್ರು. ಆಮೇಲೆ ಹಣಿಗೆ, ಕೋಟೆಯ ತೆನೆಗೋಡೆ, ಗುಡ್ಡದ ಸಾಲು ಹೀಗೆ ಬೇರೆ ಬೇರೆ ಆಕಾರದ ಹೆಸರೂ ಹೇಳಿದ್ರು. ಆವತ್ತು ಬಸ್ಸಲ್ಲಿ ವಾಪಸ್ ಬರೋವಾಗ ಕಿಟಕಿ ಹೊರಗೆ ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ಹಿಡಿದು ನಿಂತಿತ್ತು, ಅದೇ ತೆನೆ ಪಕ್ಕದ ಸೀಟಿನ ಅಜ್ಜಿ ಸೆರಗಲ್ಲೂ ಇತ್ತು. ಊರಿಗೂ ಹೊಲಕ್ಕೂ ಸೀರೆಗೂ ನಂಟಿದೆ ಅಂತ ಹೇಳೋಕೆ ತಾನೇ ನೀವು ಟೇಪೆಸ್ಟ್ರಿ ಪದ ತಂದಿದ್ದು? ಆ ನಂಟು 'ತೆನಿ' ಅನ್ನೋ ಎರಡಕ್ಷರದಲ್ಲಿ ಆಗ್ಲೇ ಇದೆ. ಅದನ್ನ ಬರೆದ್ರೆ ಸಾಕು, ನಂಟಿದೆ ಅಂತ ಬೇರೆ ಹೇಳಬೇಕಾಗಿಲ್ಲ.

ವೈಬ್ರಂಟ್ ಲ್ಯಾಂಡ್‌ಸ್ಕೇಪ್‌ಗೂ ಇದೇ ಔಷಧಿ, ಆದ್ರೆ ಅದರ ತೊಂದರೆ ಸ್ವಲ್ಪ ಬೇರೆ. ಲ್ಯಾಂಡ್‌ಸ್ಕೇಪ್ ಅನ್ನೋದು ಡಚ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಚಿತ್ರಕಾರರ ಪದ. ಮೊದಲು ಅದರ ಅರ್ಥ ನೆಲ ಅಂತ ಇರಲಿಲ್ಲ, ನೆಲದ ಚಿತ್ರ ಅಂತ ಇತ್ತು. ಆ ಗುಣ ಪದದೊಳಗೆ ಇವತ್ತಿಗೂ ಉಳಿದಿದೆ, ಲ್ಯಾಂಡ್‌ಸ್ಕೇಪ್ ಅಂದ ತಕ್ಷಣ ನೀವು ದೂರದಲ್ಲಿ ನಿಂತು ನೋಡೋರಾಗ್ತೀರ, ಅಲ್ಲಿ ಯಾವ ಮರ, ಯಾವ ಮಣ್ಣು, ಯಾವ ಬೆಳೆ ಅಂತ ಹೇಳಬೇಕಾದ ಹೊಣೆ ತಪ್ಪುತ್ತೆ. ಅದರ ಮುಂದೆ ವೈಬ್ರಂಟ್ ಸೇರಿಸಿದ್ರೆ ಬಣ್ಣ ಅನ್ನೋದೂ ಹೋಯ್ತು, ಕೆಂಪಾ ಹಸಿರಾ ಗೊತ್ತಾಗಲ್ಲ, ಏನೋ ಒಂದು ಗೌಜು ಇದೆ ಅಂತಷ್ಟೇ ಅನ್ಸುತ್ತೆ. ಇಳಕಲ್ ಸುತ್ತ ಇರೋದು ಏನು? ಕಪ್ಪು ಎರೆಮಣ್ಣು, ಜೋಳ, ಅಲ್ಲಲ್ಲಿ ಜಾಲಿ, ಮತ್ತೆ ಗುಲಾಬಿ ಬಣ್ಣದ ಗ್ರಾನೈಟ್ ಕ್ವಾರಿಗಳು. ದೇಶ ವಿದೇಶದಲ್ಲಿ ಎಷ್ಟೋ ಕಟ್ಟಡಗಳ ನೆಲಕ್ಕೆ, ಗೋಡೆಗೆ ಹಾಕೋ ಆ ಕಲ್ಲನ್ನ 'ಇಳಕಲ್ ಪಿಂಕ್' ಅಂತಾನೇ ಮಾರ್ತಾರೆ. ಕಪ್ಪು ನೆಲ, ಗುಲಾಬಿ ಕಲ್ಲು ಅಂತ ನಾಲ್ಕು ಪದ ಬರೆದ್ರೆ ಓದೋರ ಕಣ್ಣಿಗೆ ಎರಡು ಬಣ್ಣ ಬಂತು. ಇದೇ ವೈಬ್ರಂಟ್ ಅನ್ನೋದನ್ನ ನಿಮ್ಮ ಮೂರನೇ ಪ್ಯಾರಾದಲ್ಲಿ ಸೀರೆಯ ಬಣ್ಣಕ್ಕೂ ಹಾಕಿದೀರ. ಅಲ್ಲೂ ದಾಳಿಂಬೆ ಕೆಂಪು, ಗಿಳಿ ಹಸಿರು ಅಂತ ಹೇಳಿದ್ರೆ ಮುಗೀತು, ಕೊಳ್ಳೋಕೆ ಬಂದೋರು ಕೇಳೋದೂ ಅದನ್ನೇ.

ಎರಡೂ ಸೇರಿಸಿ ನಿಮ್ಮ ಆರಂಭವನ್ನ ನಾನು ಹೀಗೆ ತಿದ್ದಿ ನೋಡಿದೆ, ಇದನ್ನ ಇಂಗ್ಲಿಷಲ್ಲಿ ಬರೆದ್ರೂ ಇದೇ ವಸ್ತುಗಳು, ಇದೇ ಕ್ರಿಯೆಗಳು ಇರಲಿ:

'ಒಂದು ಇಳಕಲ್ ಸೀರೆಗೆ ಮೂರು ಹಾಸು ಬೇಕು: ಮೈಗೆ, ದಡಿಗೆ, ಸೆರಗಿಗೆ. ಮೈಯ ಹತ್ತಿ ಎಳೆ ಮುಗಿಯುವಲ್ಲಿ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿ ನೂಲಿನಲ್ಲಿ ಜೋಳದ ತೆನೆ ಮೂಡುತ್ತದೆ. ಊರ ಹೊರಗೆ, ಗುಲಾಬಿ ಕಲ್ಲಿನ ಕ್ವಾರಿಗಳ ಆಚೆ, ಕಪ್ಪು ಹೊಲದಲ್ಲಿ ಬೆಳೆಯುವುದೂ ಅದೇ ಜೋಳ.'

ಇದು ಸಪ್ಪೆ ಆಯ್ತಾ ನೀವೇ ಹೇಳಿ. ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ, ಕೆಂಪು, ಬಿಳಿ, ಗುಲಾಬಿ, ಕಪ್ಪು ಬಿಟ್ರೆ ವಿಶೇಷಣವೂ ಇಲ್ಲ, ಆದ್ರೆ ಮೊಳಕಾಲ್ಮೂರು ಅಂತ ಹಾಕಿ ನೋಡಿ, ಮೊದಲ ವಾಕ್ಯದಲ್ಲೇ ಕೆಟ್ಟುಹೋಗುತ್ತೆ. ಸಪ್ಪೆ ಆಗೋದು ಬೇರೆ ಕಾರಣಕ್ಕೆ. ಕೆಲವರು ಅಲಂಕಾರ ಕಿತ್ತು ಹಾಕಿ ಆ ಜಾಗ ಖಾಲಿ ಬಿಡ್ತಾರೆ, 'ಇಳಕಲ್‌ನಲ್ಲಿ ಸೀರೆ ನೇಯುತ್ತಾರೆ, ಸುತ್ತ ಹೊಲಗಳಿವೆ' ಅಂತ. ಇದು ಸಾದಾ ಹೌದು, ನಿಖರ ಅಲ್ಲ. ಸೀರೆ, ಹೊಲ ಎಲ್ಲಾ ಊರಲ್ಲೂ ಇರುತ್ತೆ. ಸಾದಾ ಪದ ಕೆಲಸ ಮಾಡೋದು ಅದು ಒಂದು ಮೆಟ್ಟಿಲು ಕೆಳಗಿಳಿದಾಗ, ಬೆಳೆ ಹೋಗಿ ಜೋಳ ಆದಾಗ, ಮರ ಹೋಗಿ ಜಾಲಿ ಆದಾಗ, ಅಂಚು ಹೋಗಿ ಗೋಮಿ ದಡಿ ಆದಾಗ. ಹಾಗಂತ ಇನ್ನೂ ಕೆಳಗೆ ಇಳಿದು ಎಳೆ ಲೆಕ್ಕ, ನೂಲಿನ ಕೌಂಟು, ಸೆರಗು 16ರಿಂದ 27 ಇಂಚು, ಸೀರೆ 6, 8, 9 ಗಜ ಅಂತೆಲ್ಲ ಒಂದೇ ಪ್ಯಾರಾಗೆ ತುಂಬಿದ್ರೆ ಎಕ್ಸಿಬಿಷನ್ನಿಗೆ ಬಂದೋರು ನಿಂತು ಓದಲ್ಲ. ಅಳತೆ ಎಲ್ಲ ಸೀರೆ ಪಕ್ಕದ ಚೀಟೀಲಿ ಇರಲಿ, ಪುಟದಲ್ಲಿ ಬೇಡ.

ನಿಖರ ಪದ ಹಾಕೋಕೆ ಹೋದಾಗ ಒಂದು ಎಚ್ಚರಿಕೆ ಬೇಕು, ಯಾಕಂದ್ರೆ ಸವಕಲು ಪದ ಯಾವತ್ತೂ ಸುಳ್ಳಾಗಲ್ಲ, ನಿಖರ ಪದ ಸುಳ್ಳಾಗಬಹುದು. ನಾನು ಮೇಲೆ 'ಸೆರಗಿನ ರೇಷ್ಮೆ ಎಳೆ' ಅಂತ ಬರೆದೆ. ನಿಮ್ಮ ಎಕ್ಸಿಬಿಷನ್ನಲ್ಲಿ ಇಡೋ ಸೀರೆಗಳ ಸೆರಗು ಆರ್ಟ್ ಸಿಲ್ಕ್ ಆಗಿದ್ರೆ ಆ ಪದ ತಪ್ಪು, ಬರೀ ತಪ್ಪಲ್ಲ, ಕೊಳ್ಳೋರಿಗೆ ಮೋಸ. ಹಾಗೇ 'ನುರಿತ ಕುಶಲಕರ್ಮಿಗಳ ಟೈಮ್‌ಲೆಸ್ ಕ್ರಾಫ್ಟ್' ಅಂತ ಬರೆದಿದೀರಲ್ಲ, ಅದು ಕೈಮಗ್ಗದ್ದಾ, ಪವರ್‌ಲೂಮಿಂದಾ? ಇಳಕಲ್ ಮಾದರಿ ಸೀರೆ ಎರಡರಲ್ಲೂ ಬರುತ್ತೆ, ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ. ಟೈಮ್‌ಲೆಸ್ ಅನ್ನೋದರ ಹಿಂದೆ ಈ ಪ್ರಶ್ನೆ ಬಚ್ಚಿಟ್ಕೊಂಡಿತ್ತು. 'ಕೈಮಗ್ಗ' ಅಂತ ಬರೆಯೋಕೆ ಪೆನ್ನು ಎತ್ತಿದಾಗ ಮಾತ್ರ ನೀವು ಫೋನ್ ಮಾಡಿ ಕೇಳ್ತೀರ. ಇಷ್ಟು ವರ್ಷದಲ್ಲಿ ನನಗೆ ಅನುಭವಕ್ಕೆ ಬಂದಿರೋದು ಏನಂದ್ರೆ, ಕ್ಯಾಟಲಾಗ್‌ಗಳಲ್ಲಿ ರಿಚ್, ಎಕ್ಸ್‌ಕ್ವಿಸಿಟ್, ಟೈಮ್‌ಲೆಸ್ ಅಂತ ಒಟ್ಟೊಟ್ಟಿಗೆ ಬಂದಿದ್ರೆ ಅಲ್ಲಿ ಬರೆದೋರಿಗೆ ಏನೋ ಒಂದು ಗೊತ್ತಿಲ್ಲ, ಕೇಳಿಲ್ಲ ಅಂತ ಅರ್ಥ, ಆ ಜಾಗದಲ್ಲಿ ನಾನು ಪೆನ್ಸಿಲಲ್ಲಿ 'ಯಾವ ನೂಲು?' ಅಂತ ಬರೀತೀನಿ.

ಹಾಗಂತ ಈ ಪದಗಳನ್ನ ಎಲ್ಲಿ ಕಂಡ್ರೂ ಕೀಳ್ಬೇಕಾ ಅಂದ್ರೆ ಬೇಡ. ಪೈಠಣಿ ಸೀರೆ ಬಗ್ಗೆ, ಕಾಶ್ಮೀರದ ಕಾನಿ ಶಾಲಿನ ಬಗ್ಗೆ ಬರೆಯೋವಾಗ ಟೇಪೆಸ್ಟ್ರಿ ಅನ್ನೋದು ಸರಿಯಾದ, ಸಾದಾ, ನಿಖರ ನಾಮಪದ, ಯಾಕಂದ್ರೆ ಅವುಗಳ ವಿನ್ಯಾಸವನ್ನ ಆ ವಿಧಾನದಲ್ಲೇ ನೇಯೋದು. ಲ್ಯಾಂಡ್‌ಸ್ಕೇಪ್ ಕೂಡ ಹಾಗೇ, ಯುನೆಸ್ಕೋ ವಿಶ್ವಪರಂಪರೆ ಲೆಕ್ಕದಲ್ಲಿ 1992ರಿಂದ 'ಕಲ್ಚರಲ್ ಲ್ಯಾಂಡ್‌ಸ್ಕೇಪ್' ಅನ್ನೋದು ಒಂದು ವರ್ಗದ ಹೆಸರು, ಅದರ ಬಗ್ಗೆ ಬರೆಯೋರು ಅದನ್ನ ಬದಲಾಯಿಸಂಗಿಲ್ಲ. ಪದಕ್ಕೆ ಆ ಜಾಗದಲ್ಲಿ ನಿಜವಾದ ಕೆಲಸ ಇದೆಯಾ ಅಂತ ನೋಡಿ, ಇದ್ರೆ ಇರಲಿ. ಆಗ್ಲೂ ಮುಂದಿನ ರಿಚ್, ವೈಬ್ರಂಟ್ ಮಾತ್ರ ಹೋಗ್ಲಿ.

ಇನ್ನೊಂದು ಮಾತು, ಇದೇ ಪುಟವನ್ನ ಕನ್ನಡಕ್ಕೂ ಮಾಡ್ತೀನಿ ಅಂದಿದೀರ. ದಯವಿಟ್ಟು ರಿಚ್ ಟೇಪೆಸ್ಟ್ರಿಯನ್ನ 'ಶ್ರೀಮಂತ ಚಿತ್ತಾರ' ಅಂತ, ವೈಬ್ರಂಟ್ ಲ್ಯಾಂಡ್‌ಸ್ಕೇಪನ್ನ 'ರೋಮಾಂಚಕ ಭೂದೃಶ್ಯ' ಅಂತ ಮಾಡ್ಬೇಡಿ, ಯಾರ ಬಾಯಲ್ಲೂ ಬರದ ಮಾತು ಅವು. ನಮ್ಮಲ್ಲಿ ಇದಕ್ಕೆ ನಮ್ಮದೇ ಪದ ಇದೆ, ಅದೂ ಮಗ್ಗದಿಂದಲೇ ಬಂದಿದ್ದು: ಹಾಸುಹೊಕ್ಕು. 'ಜನಜೀವನದಲ್ಲಿ ಹಾಸುಹೊಕ್ಕಾಗಿದೆ' ಅಂತ ದಿನಾ ಓದ್ತೀವಿ, ಎಷ್ಟು ಓದಿದೀವಿ ಅಂದ್ರೆ ಅದು ಉದ್ದದ ಎಳೆ, ಅಡ್ಡದ ಎಳೆ ಅನ್ನೋದೇ ಮರೆತುಹೋಗಿದೆ. ರಾಜಕೀಯದಲ್ಲಿ ಭ್ರಷ್ಟಾಚಾರವೂ ಹಾಸುಹೊಕ್ಕು, ಮಲೆನಾಡಲ್ಲಿ ಯಕ್ಷಗಾನವೂ ಹಾಸುಹೊಕ್ಕು. ಬೇರೆ ಯಾವ ವಿಷಯದಲ್ಲಾದ್ರೂ ನಾನು ಅದನ್ನ ಹೊಡೆದು ಹಾಕ್ತೀನಿ. ಆದ್ರೆ ನಿಮ್ಮ ಪುಟದಲ್ಲಿ ಆ ಎರಡು ಪದಗಳನ್ನ ಬಿಡಿಸಿ ಇಡಬಹುದು, ಹಾಸು ಅಂದ್ರೆ ಇದು, ಹೊಕ್ಕು ಅಂದ್ರೆ ಇದು ಅಂತ ಮಗ್ಗದ ಫೋಟೋ ಪಕ್ಕ. ಓದೋರಿಗೆ ತಾವು ಇಷ್ಟು ದಿನ ಬಳಸ್ತಿದ್ದ ಮಾತಿನೊಳಗಿನ ನೂಲು ಅವತ್ತು ಮೊದಲ ಸಲ ಕಾಣುತ್ತೆ.

ಈಗ ಮಾಡಬೇಕಾದ ಕೆಲಸ ಇಷ್ಟೇ. ಪುಟದ ಹೆಡ್ಡಿಂಗ್ 'ದ ರಿಚ್ ಟೇಪೆಸ್ಟ್ರಿ ಆಫ್ ಇಳಕಲ್' ಅಂತ ಇದೆಯಲ್ಲ, ಅದನ್ನ 'ಥ್ರೀ ವಾರ್ಪ್ಸ್, ಒನ್ ಸಾರಿ' ಅಂತ ಮಾಡಿ, ಕನ್ನಡದಲ್ಲಿ 'ಒಂದು ಸೀರೆ, ಮೂರು ಹಾಸು'. ಪ್ರಿಂಟಿಗೆ ಕೊಡೋ ಮುಂಚೆ ನೇಕಾರರಿಗೆ ಫೋನ್ ಮಾಡಿ, ಸೆರಗು ರೇಷ್ಮೆನಾ ಆರ್ಟ್ ಸಿಲ್ಕಾ, ಕೈಮಗ್ಗಾನಾ ಪವರ್‌ಲೂಮಾ, ದಡಿ ಹೆಸರೇನು ಅಂತ ಒಂದೊಂದು ಸೀರೆಗೂ ಕೇಳಿ ಬರ್ಕೊಳ್ಳಿ. ಹೆಸರುಗಳನ್ನ ಅವರು ಹೇಳಿದ ಹಾಗೇ ಬರೀರಿ, ತೆನೆ ಅಂತ ತಿದ್ದಬೇಡಿ, ತೆನಿ ಅಂತಾನೇ ಇರಲಿ.